ಫಾಲ್ಸ್ ಸೀಲಿಂಗ್ ಹಾಕಿಸಿದರೂ ಮೇಲಿನ ರೂಮಿನ ಧಗೆ ಹೋಗಿಲ್ಲ

ಬಿಸಿಲೂರು_ಕಲಬುರಗಿ: ಮೇಲಿನ ಮಹಡಿಯ ರೂಮಿಗೆ ಹೋದ ವರ್ಷ ಜಿಪ್ಸಂ ಫಾಲ್ಸ್ ಸೀಲಿಂಗ್ ಹಾಕಿಸಿದೆ. "ಅರ್ಧ ಧಗೆ ಇಳಿಯುತ್ತೆ ನೋಡ್ರಿ" ಅಂದಿದ್ದರು. ಇಳಿದದ್ದು ನನ್ನ ದುಡ್ಡು ಮಾತ್ರ. ರಾತ್ರಿ ಹನ್ನೊಂದಾದರೂ ಫ್ಯಾನ್ ಬಿಸಿ ಗಾಳಿ ಬೀಸುತ್ತದೆ. ಮುಂದೆ ಏನು ಮಾಡಲಿ? ಗ್ಲಾಸ್ ವುಲ್ಲಾ, ಕೂಲ್ ರೂಫ್ ಪೇಂಟಾ? ಒಂದೇ ಮಾತಲ್ಲಿ ಹೇಳಿ.

ವೈರ್‌ಮನ್_ಹುಬ್ಬಳ್ಳಿ: ಸೀಲಿಂಗ್ ಮೇಲೆ ಬಿಸಿ ಗಾಳಿ ಸಿಕ್ಕಿಕೊಂಡಿದೆ. ಗೋಡೆಗೆ ತೂತು ಹೊಡೆದು ಆರು ಇಂಚಿನ ಎಕ್ಸಾಸ್ಟ್ ಹಾಕಿ. ಮುಗೀತು.

ಮಲೆನಾಡಿಗ: ನಮ್ಮದು ಮಂಗಳೂರು ಹೆಂಚು, ಒಳಗೆ ಮರದ ಅಟ್ಟ. ಏಪ್ರಿಲ್‌ನಲ್ಲೂ ರಾತ್ರಿ ಹೊದಿಕೆ ಬೇಕು 😀

ಬಿಸಿಲೂರು_ಕಲಬುರಗಿ: ಇಲ್ಲಿ ಏಪ್ರಿಲ್‌ನಲ್ಲಿ 41 ಡಿಗ್ರಿ ಸರ್. ಹೊದಿಕೆ ಮಾತು ಬಿಡಿ.

ಸೈಟ್_ಸುಮಾ: ಮೊದಲು ಇಷ್ಟು ಹೇಳಿ. ಟೆರೇಸ್ ಮೇಲೆ ಏನಿದೆ? ಬರೀ ಸಿಮೆಂಟಾ, ಟೈಲ್ಸಾ? ಪಡುವಣ ಗೋಡೆಗೆ ನೆರಳು ಇದೆಯಾ?

ವೈರ್‌ಮನ್_ಹುಬ್ಬಳ್ಳಿ: ಮೇಡಂ, ಟೆರೇಸ್ ಆಮೇಲೆ ನೋಡೋಣ. ಮೊದಲು ಗಾಳಿ ಹೊರಗೆ ಹೋಗಬೇಕು.

ಸೈಟ್_ಸುಮಾ: ಗಾಳಿ ತೆಗೆದರೆ ಸ್ವಲ್ಪ ಅನುಕೂಲ ಆಗಬಹುದು. ಆದರೆ ಕಾದ ಸ್ಲ್ಯಾಬಿನಿಂದ ಜಿಪ್ಸಂ ಬೋರ್ಡಿಗೆ ಬರುವ ಶಾಖದಲ್ಲಿ ಹೆಚ್ಚಿನ ಪಾಲು ನೇರವಾಗಿ ಹೊಮ್ಮುವ ಝಳ. ಒಲೆ ಪಕ್ಕ ನಿಂತಾಗ ಮುಖಕ್ಕೆ ಹೊಡೆಯುತ್ತಲ್ಲ, ಹಾಗೆ. ಅದನ್ನು ಫ್ಯಾನ್ ಎಳೆದು ಹಾಕಲ್ಲ.

ಸುಣ್ಣದ_ಶಾಸ್ತ್ರಿ: ನೂರಾರು ರೂಪಾಯಿಯಲ್ಲಿ ಆಗುವ ಕೆಲಸ ಇದು. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ಎರಡು ಕೋಟು ಬಳಿಯಿರಿ. ಮಳೆಗಾಲಕ್ಕೆ ಹೋಗುತ್ತೆ, ಮುಂದಿನ ಬೇಸಿಗೆಗೆ ಮತ್ತೆ ಬಳಿಯಿರಿ.

ಬಿಸಿಲೂರು_ಕಲಬುರಗಿ: ಟೆರೇಸ್ ಮೇಲೆ ಶೀಟ್ ಇದೆ. ಸೀಲಿಂಗ್ ಹಾಕಿಸುವ ಮುಂಚೆ ಸೋರುತ್ತಿತ್ತು, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಅಂಟಿಸುತ್ತಾರಲ್ಲ, ಆ ಕಪ್ಪು ಡಾಂಬರ್ ಶೀಟ್. ಅದಕ್ಕೂ ಇದಕ್ಕೂ ಏನು ಸಂಬಂಧ?

ಸೈಟ್_ಸುಮಾ: ಸಂಬಂಧ ಪೂರ್ತಿ ಅಲ್ಲೇ ಇದೆ ಅಣ್ಣ! ಕಪ್ಪು ಶೀಟು ಇಡೀ ದಿನ ಬಿಸಿಲು ಕುಡಿಯುತ್ತದೆ. ಆ ಶಾಖ ಐದು ಇಂಚಿನ ಕಾಂಕ್ರೀಟ್ ದಾಟಿ ಕೆಳಗೆ ಬರೋಕೆ ಕೆಲವು ಗಂಟೆ ಬೇಕು. ಅದಕ್ಕೇ ನಿಮಗೆ ಮಧ್ಯಾಹ್ನಕ್ಕಿಂತ ರಾತ್ರಿ ಕಷ್ಟ. ಟೆಂಪರೇಚರ್ ಗನ್ ಸಿಕ್ಕರೆ ಮಧ್ಯಾಹ್ನ ಶೀಟ್ ಮೇಲೆ, ರಾತ್ರಿ ಒಂಬತ್ತಕ್ಕೆ ಸೀಲಿಂಗಿಗೂ ಪಡುವಣ ಗೋಡೆಗೂ ಹಿಡಿದು ನೋಡಿ. ಮಿರಮಿರ ಮಿಂಚುವ ಫಾಯಿಲ್ ಮೇಲೆ ಮಾತ್ರ ಹಿಡಿಯಬೇಡಿ, ಸುಳ್ಳು ಅಂಕಿ ಬರುತ್ತೆ.

ಬಿಸಿಲೂರು_ಕಲಬುರಗಿ: ಮಧ್ಯಾಹ್ನ ಎರಡಕ್ಕೆ ಶೀಟ್ 67. ರಾತ್ರಿ ಒಂಬತ್ತಕ್ಕೆ ಜಿಪ್ಸಂ 39, ಪಡುವಣ ಗೋಡೆ 38. ಲೈಟ್ ತೆಗೆದು ಆ ತೂತಿನಿಂದ ಸ್ಲ್ಯಾಬಿಗೆ ಹಿಡಿದೆ, 44!

ಸುಣ್ಣದ_ಶಾಸ್ತ್ರಿ: ನಾನು ಹೇಳಿದ್ದೇ ಅಲ್ವಾ. ಬಳಿಯಿರಿ ಸುಣ್ಣ.

ಸೈಟ್_ಸುಮಾ: ಬಿಳಿ ಬಣ್ಣ ಬೇಕು ಅನ್ನೋದು ಸರಿ ಶಾಸ್ತ್ರಿಗಳೇ. ಆದರೆ ಡಾಂಬರ್ ಶೀಟಿಗೆ ಸುಣ್ಣ ಕಚ್ಚಲ್ಲ, ಹಕ್ಕಳೆ ಎದ್ದು ಹೋಗುತ್ತೆ. ಸಾಮಾನ್ಯ ಬಿಳಿ ಪೇಂಟ್ ಬಳಿದರೆ ಡಾಂಬರಿನ ಎಣ್ಣೆ ಮೇಲೆ ಬಂದು ಕಂದು ಕಲೆ ಆಗುತ್ತೆ. ಕಲೆ ತಡೆಯುವ ಪ್ರೈಮರ್, ಅದರ ಮೇಲೆ ರಬ್ಬರಿನ ಹಾಗೆ ಹಿಗ್ಗುವ ಬಿಳಿ ಕೋಟಿಂಗ್ ಎರಡು ಸಲ. ಡಬ್ಬದ ಮೇಲೆ "ಬಿಟುಮಿನ್ ಮೇಲೆ ಹಾಕಬಹುದು" ಅಂತ ಇದೆಯಾ ನೋಡಿಕೊಳ್ಳಿ. ಮೊದಲು ನಾಲ್ಕಡಿ ಜಾಗಕ್ಕೆ ಬಳಿದು ಕಲೆ ಬರುತ್ತಾ ನೋಡಿ. ಅಷ್ಟಕ್ಕೇ ಕೆಳಗೆ ತಂಪಾಗುತ್ತಾ ಅಂತ ನೋಡಬೇಡಿ, ಸುತ್ತಲಿನ ಬಿಸಿ ಅಲ್ಲಿಗೂ ಹರಿಯುತ್ತೆ.

ವೈರ್‌ಮನ್_ಹುಬ್ಬಳ್ಳಿ: ಅಲ್ಯೂಮಿನಿಯಂ ಪೇಂಟ್ ಬಳಿದರೆ ಪ್ರೈಮರ್ ರಗಳೆಯೇ ಇಲ್ಲ.

ಸೈಟ್_ಸುಮಾ: ಕಪ್ಪಿಗಿಂತ ವಾಸಿ. ಆದರೆ ಅದು ಹೀರಿದ ಶಾಖವನ್ನು ಬಿಳಿಯಷ್ಟು ಬೇಗ ಬಿಟ್ಟುಕೊಡಲ್ಲ.

ಶಹಾಬಾದಿ: ಸುಮ್ನೆ ನಮ್ಮ ಕಲ್ಲು ಹಾಸಿಬಿಡಿ.

ಸೈಟ್_ಸುಮಾ: ನೆಲಕ್ಕೆ ಚೆಂದ. ಟೆರೇಸಿಗೆ ಬಣ್ಣ ಗಾಢ, ಭಾರ ಬೇರೆ.

ಬಿಸಿಲೂರು_ಕಲಬುರಗಿ: ಬಳಿದು ಎರಡು ವಾರ ಆಯ್ತು. ಮಧ್ಯಾಹ್ನ ಎರಡಕ್ಕೆ ಕಪ್ಪು ಶೀಟ್ 66, ಬಿಳಿ ಜಾಗ 46. ಆದರೆ ಶೀಟ್ ಒಂದರ ಮೇಲೊಂದು ಕೂತಿರುವ ಜೋಡಣೆಯಲ್ಲಿ ತೆಳು ಹಳದಿ ಕಲೆ ಬಂದಿದೆ. ಇನ್ನೊಂದು ತಾಪತ್ರಯ. ಮೇಲೆ ಪೇಂಟ್ ಬಳಿದರೆ ಸೋರಿಕೆ ಗ್ಯಾರಂಟಿ ರದ್ದು ಅಂತಾನೆ ಶೀಟ್ ಹಾಕಿದವನು.

ಸೈಟ್_ಸುಮಾ: ಕಲೆ ಜೋಡಣೆಯಲ್ಲಿ ಮಾತ್ರ ಇದ್ದರೆ ಅಲ್ಲಿಗೆ ಇನ್ನೊಂದು ಕೋಟು ಪ್ರೈಮರ್ ಕೊಡಿ. ಗ್ಯಾರಂಟಿ ಕಾಗದದಲ್ಲಿ ಏನು ಬರೆದಿದೆ, ಇಲ್ಲಿ ಹಾಕಿ. ಬಾಯಿ ಮಾತು ನಂಬಬೇಡಿ. ಪ್ರತಿ ಬೇಸಿಗೆಗೆ ಮುಂಚೆ ಧೂಳು ತೊಳೆಯಲೇಬೇಕು, ಇಲ್ಲದಿದ್ದರೆ ಬಿಳಿ ಬಳಿದೂ ಲಾಭ ಇಲ್ಲ. ಗ್ಲಾಸ್ ವುಲ್ ಆಮೇಲೆ ಯೋಚಿಸೋಣ. ಪಡುವಣ ಗೋಡೆಯ 38 ಅದರಿಂದ ಇಳಿಯಲ್ಲ.

ವೈರ್‌ಮನ್_ಹುಬ್ಬಳ್ಳಿ: ಎಕ್ಸಾಸ್ಟ್ ಒಂದು ಹಾಕಿ ನೋಡಿ ಅಂತ ಈಗಲೂ ಹೇಳ್ತೀನಿ.

ಮಲೆನಾಡಿಗ: ಹೆಂಚಿನ ಮೇಲೂ ಈ ಬಿಳಿ ಕೋಟಿಂಗ್ ನಿಲ್ಲುತ್ತಾ? ನಮ್ಮಲ್ಲಿ ಪಾಚಿ ಕಾಟ.