ಫಾರ್ಮಸಿಸ್ಟ್ ಆಗಿ ಕೆನಡಾಕ್ಕೆ ಬರುವವರಿಗೆ: ಕಾಗದಪತ್ರದಿಂದ ಕೌಂಟರ್‌ವರೆಗೆ

ನಿನ್ನೆ ಗುಂಪಿನಲ್ಲಿ ದಾವಣಗೆರೆಯ ತಂಗಿಯೊಬ್ಬರು ಕೇಳಿದ್ದರು: "ನಾನು ಬಿ.ಫಾರ್ಮ್ ಮಾಡಿ ನಾಲ್ಕು ವರ್ಷ ಆಸ್ಪತ್ರೆ ಫಾರ್ಮಸಿಯಲ್ಲಿದ್ದೆ. ಮಗುವಿಗೆ ಮೂರು ವರ್ಷ. ಒಂಟಾರಿಯೊಗೆ ಬಂದರೆ ಫಾರ್ಮಸಿಸ್ಟ್ ಆಗಿಯೇ ಕೆಲಸ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?" ನಾನು ಇಲ್ಲಿ ಫಾರ್ಮಸಿಯಲ್ಲೇ ಇರುವವಳು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಗಂಟು ಬಿಡಿಸೋಣ. ಪಿಆರ್‌ಗೆ, ಅಂದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆ ಹಾಕುವ ಅರ್ಜಿ ಬೇರೆ, ಫಾರ್ಮಸಿ ಲೈಸೆನ್ಸ್ ಬೇರೆ. ಆದರೆ ನಿಮ್ಮ ವೃತ್ತಿಯ ಮಟ್ಟಿಗೆ ಇವೆರಡೂ ಒಂದು ಕಡೆ ಕೂಡಿಕೊಳ್ಳುತ್ತವೆ. ಎಂಜಿನಿಯರ್‌ಗಳು, ಎಂಬಿಎ ಮಾಡಿದವರು ಪದವಿಯ ಮೌಲ್ಯಮಾಪನವನ್ನು ಡಬ್ಲ್ಯೂಇಎಸ್ ಎಂಬ ಸಂಸ್ಥೆಯಲ್ಲಿ ಮಾಡಿಸುತ್ತಾರೆ. ಅದನ್ನು ನೋಡಿ ನೀವೂ ಅಲ್ಲಿಗೇ ಕಳಿಸಬೇಡಿ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ಅರ್ಜಿಯಲ್ಲಿ ನಿಮ್ಮ ಮುಖ್ಯ ಉದ್ಯೋಗ ಫಾರ್ಮಸಿಸ್ಟ್ ಎಂದು ತೋರಿಸಿ, ಲೈಸೆನ್ಸ್ ಬೇಕಾದ ಕೆಲಸವನ್ನೇ ಮಾಡುವುದಾದರೆ ಮೌಲ್ಯಮಾಪನ ವರದಿ ಪಿಇಬಿಸಿಯಿಂದಲೇ ಬರಬೇಕು. ಅಂದರೆ ಕೆನಡಾದ ಫಾರ್ಮಸಿ ಪರೀಕ್ಷಾ ಮಂಡಳಿಯಿಂದ. ಎರಡೂ ಕಡೆ ದುಡ್ಡು ಕಟ್ಟಿ, ಕೊನೆಗೆ ಒಂದನ್ನು ಕೈಬಿಟ್ಟವರು ಇದ್ದಾರೆ.

ಇಂಗ್ಲಿಷ್ ಪರೀಕ್ಷೆಯಲ್ಲೂ ಇಂಥದ್ದೇ ಎಡವಟ್ಟು ಆಗುತ್ತದೆ. ವಲಸೆಗೆ ಐಇಎಲ್‌ಟಿಎಸ್ ಜನರಲ್ ಸಾಕು. ಲೈಸೆನ್ಸ್‌ಗೆ ಐಇಎಲ್‌ಟಿಎಸ್ ಕೊಡುವುದಾದರೆ ಅಕಾಡೆಮಿಕ್ ಬೇಕು. ಯಾವುದನ್ನು ಯಾವಾಗ ಬರೆಯುತ್ತೀರಿ ಎಂಬುದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ.

ಮೊದಲ ಹೆಜ್ಜೆ ಫಾರ್ಮಸಿಸ್ಟ್ಸ್ ಗೇಟ್‌ವೇ ಕೆನಡಾದಲ್ಲಿ ಹೆಸರು ನೋಂದಾಯಿಸುವುದು. ಅಲ್ಲಿ ಸಿಗುವ ರಾಷ್ಟ್ರೀಯ ಗುರುತಿನ ಸಂಖ್ಯೆ ಮುಂದೆ ಎಲ್ಲ ಕಡೆಯೂ ಬೇಕಾಗುತ್ತದೆ. ಆಮೇಲೆ ಪಿಇಬಿಸಿಯ ದಾಖಲೆ ಪರಿಶೀಲನೆ. ಇದನ್ನು ಊರಲ್ಲಿದ್ದುಕೊಂಡೇ ಮಾಡಬಹುದು. ಊರಲ್ಲೇ ಮಾಡಿ ಮುಗಿಸಿ ಎಂಬುದೇ ನನ್ನ ಸಲಹೆ, ಏಕೆಂದರೆ ಓಡಾಟವೆಲ್ಲ ಇರುವುದು ಅಲ್ಲಿಯೇ. ನಾಲ್ಕು ವರ್ಷದ ಬಿ.ಫಾರ್ಮ್ ಇದಕ್ಕೆ ನಡೆಯುತ್ತದೆ. ಎರಡು ವರ್ಷದ ಡಿ.ಫಾರ್ಮ್ ಒಂದೇ ಇದ್ದರೆ ಸಾಲದು. ಅಂಕಪಟ್ಟಿಗಳ ಟ್ರಾನ್ಸ್‌ಕ್ರಿಪ್ಟ್ ನಿಮ್ಮ ಕೈಯಿಂದ ಹೋಗುವಂತಿಲ್ಲ, ವಿಶ್ವವಿದ್ಯಾಲಯದಿಂದ ನೇರವಾಗಿ ಹೋಗಬೇಕು. ನಮ್ಮ ಕಡೆಯ ಬಹುತೇಕ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುವುದರಿಂದ ಪ್ರಿನ್ಸಿಪಾಲರ ಸಹಿ ಹಾಕಿಸಿ ಕಳಿಸಿದರೆ ಆಗುವುದಿಲ್ಲ, ಬೆಂಗಳೂರಿನಲ್ಲಿರುವ ಆ ವಿಶ್ವವಿದ್ಯಾಲಯವೇ ಕಳಿಸಬೇಕು. ಹಾಗೆಯೇ ರಾಜ್ಯ ಫಾರ್ಮಸಿ ಕೌನ್ಸಿಲ್‌ನಿಂದ ನಿಮ್ಮ ನೋಂದಣಿ ಕುರಿತ ಪತ್ರ ಬೇಕು. ನೋಂದಣಿ ನವೀಕರಿಸದೆ ಬಿಟ್ಟಿದ್ದರೆ ಆ ಪತ್ರ ಕೇಳಲು ಹೋಗುವ ಮುಂಚೆ ನವೀಕರಣ ಮುಗಿಸಿಕೊಳ್ಳಿ.

ನಮ್ಮವರ ಅರ್ಜಿ ಹೆಚ್ಚಾಗಿ ನಿಲ್ಲುವುದು ಹೆಸರಿನ ಹತ್ತಿರ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಕೌನ್ಸಿಲ್ ನೋಂದಣಿಯಲ್ಲಿ ಗಂಡನ ಮನೆ ಹೆಸರು. ಒಬ್ಬಳೇ ಹೆಣ್ಣುಮಗಳು ಕಾಗದದ ಮೇಲೆ ಮೂವರು! ಇಲ್ಲಿ ಕೂತು ಕಡತ ನೋಡುವವರಿಗೆ ನಮ್ಮ ಇನಿಷಿಯಲ್ ಪದ್ಧತಿ ಗೊತ್ತಿರಬೇಕೆಂದೇನಿಲ್ಲ. ಮೂರೂ ದಾಖಲೆಗಳನ್ನು ಮೇಜಿನ ಮೇಲೆ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಎಲ್ಲಿ ಬೇರೆಯಾಗಿದೆಯೋ ಅಲ್ಲಿಗೆ ಮದುವೆ ಪ್ರಮಾಣಪತ್ರವೋ ಅಫಿಡವಿಟ್ಟೋ ಏನು ಬೇಕೆಂದು ಪಿಇಬಿಸಿಯನ್ನು ಮೊದಲೇ ಕೇಳಿ, ಜೊತೆಗೇ ಕಳಿಸಿ.

ದಾಖಲೆ ಒಪ್ಪಿಗೆಯಾದ ಮೇಲೆ ಇವ್ಯಾಲ್ಯುಯೇಟಿಂಗ್ ಪರೀಕ್ಷೆ. ಅದು ಬಹು ಆಯ್ಕೆಯ ಪ್ರಶ್ನೆಗಳದು. ಕಾಲೇಜಿನಲ್ಲಿ ಓದಿದ ಫಾರ್ಮಕಾಲಜಿ, ಫಾರ್ಮಸ್ಯೂಟಿಕ್ಸ್ ಇಲ್ಲಿ ನೆರವಿಗೆ ಬರುತ್ತವೆ. ಅದು ಪಾಸಾದರೆ ಕ್ವಾಲಿಫೈಯಿಂಗ್ ಪರೀಕ್ಷೆ, ಎರಡು ಭಾಗ. ಒಂದನೆಯದು ಮತ್ತೆ ಬಹು ಆಯ್ಕೆ. ಎರಡನೆಯದು ಆಸ್ಕಿ, ಅಂದರೆ ಕೌಂಟರ್ ಕೆಲಸವನ್ನು ಮಾಡಿ ತೋರಿಸುವ ಪರೀಕ್ಷೆ. ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿ ಇದೆ, ಆದ್ದರಿಂದ "ಒಮ್ಮೆ ಹೋಗಿ ನೋಡಿಕೊಂಡು ಬರೋಣ" ಎಂದು ಕೂರುವ ಪರೀಕ್ಷೆಗಳಲ್ಲ ಇವು.

ಓದಿನಲ್ಲಿ ಜಾಣರಾದವರೂ ಎಡವುವುದು ಆಸ್ಕಿಯಲ್ಲಿ, ಹಾಗಾಗಿ ಅದನ್ನು ಬಿಡಿಸಿ ಹೇಳುತ್ತೇನೆ. ಸಾಲಾಗಿ ಕೋಣೆಗಳಿರುತ್ತವೆ. ಒಳಗೆ ರೋಗಿಯ ಪಾತ್ರ ಮಾಡುವ ತರಬೇತಾದವರು ಅಥವಾ ಡಾಕ್ಟರ್ ಪಾತ್ರದವರು ಕೂತಿರುತ್ತಾರೆ. ಪಕ್ಕದಲ್ಲಿ ಪರೀಕ್ಷಕರು. ಪ್ರತಿ ಕೋಣೆಗೆ ಕೆಲವೇ ನಿಮಿಷ. ಅಭ್ಯಾಸಕ್ಕೆ ನಾನೇ ಹೆಣೆದ ಒಂದು ಸಂದರ್ಭ ನೋಡಿ: ಒಬ್ಬ ತಾಯಿ ಬಂದು "ಮಗುವಿಗೆ ನೆಗಡಿ, ಕೆಮ್ಮು, ಒಂದು ಸಿರಪ್ ಕೊಡಿ" ಎನ್ನುತ್ತಾಳೆ. ನಮ್ಮ ಕೈ ತಾನಾಗಿ ಶೆಲ್ಫಿನ ಕಡೆ ಹೋಗುತ್ತದೆ. ಅಲ್ಲೇ ಸೋಲು. ಮಗುವಿಗೆ ಎಷ್ಟು ವಯಸ್ಸು, ತೂಕ ಎಷ್ಟು, ಎಷ್ಟು ದಿನದಿಂದ, ಜ್ವರ ಇದೆಯಾ, ಉಸಿರಾಟ ಹೇಗಿದೆ, ನೀರು ಹಾಲು ಕುಡಿಯುತ್ತಿದೆಯಾ, ಬೇರೆ ಔಷಧಿ ಕೊಟ್ಟಿದ್ದೀರಾ, ಅಲರ್ಜಿ ಇದೆಯಾ ಎಂದು ಕೇಳಬೇಕು. ಮೂರು ವರ್ಷ, 14 ಕೆ.ಜಿ., ಸಣ್ಣ ಜ್ವರ, ಉಸಿರಾಟ ಚೆನ್ನಾಗಿದೆ ಎಂದಿಟ್ಟುಕೊಳ್ಳಿ. ಕೆನಡಾದಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೌಂಟರ್ ಮೇಲೆ ಸಿಗುವ ಕೆಮ್ಮು-ನೆಗಡಿ ಔಷಧಿ ಕೊಡಬಾರದು. ಅಂದರೆ ಸಿರಪ್ ಕೊಡದಿರುವುದೇ ಇಲ್ಲಿ ಸರಿಯಾದ ಉತ್ತರ, ಆದರೆ ತಾಯಿಯನ್ನು ಬರಿಗೈಲಿ ಕಳಿಸುವ ಹಾಗೂ ಇಲ್ಲ. ಮೂಗಿಗೆ ಸಲೈನ್ ಹನಿ, ಸಾಕಷ್ಟು ನೀರು, ಒಂದು ವರ್ಷ ದಾಟಿದ ಮಗುವಾದ್ದರಿಂದ ಸ್ವಲ್ಪ ಜೇನು, ಜ್ವರದಿಂದ ಕಿರಿಕಿರಿ ಆಗುತ್ತಿದ್ದರೆ ಅಸೆಟಮಿನೋಫೆನ್. ನಮ್ಮ ಪ್ಯಾರಸಿಟಮಾಲ್‌ಗೆ ಇಲ್ಲಿ ಆ ಹೆಸರು.

ಈಗ ಲೆಕ್ಕ. ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ., ಅಂದರೆ ಈ ಮಗುವಿಗೆ ಒಂದು ಸಲಕ್ಕೆ 140ರಿಂದ 210 ಮಿ.ಗ್ರಾಂ. ಮಕ್ಕಳ ದ್ರವದಲ್ಲಿ 5 ಮಿ.ಲೀ.ಗೆ 160 ಮಿ.ಗ್ರಾಂ. ಇರುವುದರಿಂದ 5 ಮಿ.ಲೀ. ಸರಿಹೋಗುತ್ತದೆ. ಆದರೆ ಅದೇ ಶೆಲ್ಫಿನಲ್ಲಿ ಶಿಶುಗಳ ಡ್ರಾಪ್ಸ್ ಇರುತ್ತದೆ, ಅದರಲ್ಲಿ ಪ್ರತಿ ಮಿ.ಲೀ.ಗೆ 80 ಮಿ.ಗ್ರಾಂ. ಅದನ್ನು 5 ಮಿ.ಲೀ. ಕುಡಿಸಿದರೆ 400 ಮಿ.ಗ್ರಾಂ. ಆಯಿತು, ಕೊಡಬಹುದಾದ ಗರಿಷ್ಠ 210ರ ಹೆಚ್ಚುಕಡಿಮೆ ಎರಡು ಪಟ್ಟು. "ಮನೆಯಲ್ಲಿ ಯಾವ ಬಾಟಲಿ ಇದೆ?" ಎಂದು ಕೇಳಿದಾಗಲೇ ಈ ಅಪಾಯ ಗೊತ್ತಾಗುವುದು. ಕೊನೆಗೆ, ಉಸಿರಾಟ ಜೋರಾದರೆ ಅಥವಾ ಮಗು ಕುಡಿಯುವುದನ್ನೇ ಬಿಟ್ಟರೆ ತಕ್ಷಣ ಆಸ್ಪತ್ರೆಗೆ ಎಂದು ಹೇಳಿ, ತಾಯಿಗೆ ಅರ್ಥವಾಯಿತೇ ಎಂದು ಅವಳ ಬಾಯಿಂದಲೇ ಹೇಳಿಸಿ. ಇಷ್ಟನ್ನೂ ಕೆಲವೇ ನಿಮಿಷದಲ್ಲಿ, ಅವಸರ ಕಾಣದಂತೆ! ಇದು ಪುಸ್ತಕ ಓದಿದರೆ ಬರುವುದಿಲ್ಲ. ಇಬ್ಬರು ಮೂವರು ಸೇರಿ ಗಡಿಯಾರ ಇಟ್ಟುಕೊಂಡು ಜೋರಾಗಿ ಮಾತಾಡಿಯೇ ಕಲಿಯಬೇಕು.

ಪಿಇಬಿಸಿ ಮುಗಿದರೂ ಲೈಸೆನ್ಸ್ ಕೈಗೆ ಬರುವುದಿಲ್ಲ. ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯ. ಒಂಟಾರಿಯೊದಲ್ಲಾದರೆ ಒಂಟಾರಿಯೊ ಕಾಲೇಜ್ ಆಫ್ ಫಾರ್ಮಸಿಸ್ಟ್ಸ್. ಹೆಸರಲ್ಲಿ ಕಾಲೇಜ್ ಇದ್ದರೂ ಅದು ಪಾಠ ಹೇಳುವ ಕಾಲೇಜಲ್ಲ, ನಿಯಂತ್ರಣ ಸಂಸ್ಥೆ. ಅವರದು ಕಾನೂನು ಮತ್ತು ನೀತಿಯ ಪರೀಕ್ಷೆ ಇದೆ. ಪೇಸ್ ಎಂಬ ಮೌಲ್ಯಮಾಪನವೂ ಇದೆ: ನಿಜವಾದ ಫಾರ್ಮಸಿಯಲ್ಲಿ ನೀವು ಕೆಲಸ ಮಾಡುವುದನ್ನು ಒಬ್ಬ ಫಾರ್ಮಸಿಸ್ಟ್ ನೋಡಿ ಅಳೆಯುತ್ತಾರೆ. 2023ರಿಂದ ಇಲ್ಲಿನ ಫಾರ್ಮಸಿಸ್ಟರು ಕೆಲವು ಸಣ್ಣ ಕಾಯಿಲೆಗಳಿಗೆ ತಾವೇ ಔಷಧಿ ಬರೆದುಕೊಡಬಹುದು, ಹಾಗಾಗಿ ಇಲ್ಲಿ ಮಾತ್ರೆ ಎಣಿಸುವುದಕ್ಕಿಂತ ನಿಮ್ಮ ತೀರ್ಮಾನಕ್ಕೆ ಬೆಲೆ ಜಾಸ್ತಿ.

ಕೆಳಗೆ ಒಬ್ಬರು ಅಣ್ಣ "ಅಮೆರಿಕಾನೇ ನೋಡಬಹುದಲ್ವಾ?" ಎಂದಿದ್ದಾರೆ. 2003ರ ಜನವರಿ 1 ಅಥವಾ ಅದರ ನಂತರ ಪದವಿ ಪಡೆದವರಿಗೆ ಅಲ್ಲಿ ಐದು ವರ್ಷದ ಫಾರ್ಮಸಿ ಓದು ಬೇಕು. ನಾಲ್ಕು ವರ್ಷದ ಬಿ.ಫಾರ್ಮ್ ಒಂದರಿಂದಲೇ ಆ ಬಾಗಿಲು ತೆರೆಯುವುದಿಲ್ಲ. ಫಾರ್ಮ್.ಡಿ ಮಾಡಿದವರ ಮಾತು ಬೇರೆ.

ಮಗುವಿನ ವಿಷಯ. ಒಂಟಾರಿಯೊದಲ್ಲಿ ಮಗುವಿಗೆ ನಾಲ್ಕು ತುಂಬುವ ವರ್ಷದ ಸೆಪ್ಟೆಂಬರ್‌ನಿಂದ ಸರ್ಕಾರಿ ಶಾಲೆಯಲ್ಲಿ ಜೂನಿಯರ್ ಕಿಂಡರ್‌ಗಾರ್ಟನ್, ಇಡೀ ದಿನ, ಶುಲ್ಕವಿಲ್ಲದೆ. ಅದಕ್ಕೂ ಮುಂಚೆ ಡೇಕೇರ್ ಖರ್ಚು ಇದ್ದೇ ಇದೆ. ನಾನಾದರೆ ದಾಖಲೆ ಕೆಲಸವನ್ನೂ ಇವ್ಯಾಲ್ಯುಯೇಟಿಂಗ್ ಪರೀಕ್ಷೆಯ ಓದನ್ನೂ ಅಜ್ಜಿ-ತಾತನ ಆಸರೆ ಇರುವಾಗಲೇ ಊರಲ್ಲಿ ಸಾಗಿಸಿ, ಆಸ್ಕಿ ತಯಾರಿಯನ್ನು ಮಗು ಶಾಲೆಗೆ ಸೇರಿದ ಮೇಲಿಗೆ ಇಟ್ಟುಕೊಳ್ಳುತ್ತೇನೆ. ಈ ನಡುವೆ ಫಾರ್ಮಸಿ ಅಸಿಸ್ಟೆಂಟ್ ಕೆಲಸಕ್ಕೆ ಸೇರಬಹುದು, ಅದಕ್ಕೆ ಲೈಸೆನ್ಸ್ ಬೇಡ. ಸಂಬಳ ಕಡಿಮೆ. ಆದರೆ ಇಲ್ಲಿನ ಔಷಧಿ ಹೆಸರುಗಳು, ವಿಮೆಯ ಬಿಲ್ಲು, ಫೋನಿನಲ್ಲಿ ಜನ ಮಾತಾಡುವ ರೀತಿ ಎಲ್ಲ ಕಿವಿಗೆ ಬೀಳುತ್ತದೆ. ಶುಲ್ಕ, ಪರೀಕ್ಷೆಯ ದಿನಾಂಕ ಬದಲಾಗುತ್ತಿರುತ್ತವೆ, ಅವನ್ನು ಪಿಇಬಿಸಿ ಪುಟದಲ್ಲೇ ನೋಡಿ. ಹೆಸರಿನ ವ್ಯತ್ಯಾಸ ಏನಾದರೂ ಕಂಡರೆ ಇಲ್ಲೇ ಬರೆಯಿರಿ, ದಾಖಲೆಯ ಫೋಟೊ ಮಾತ್ರ ಗುಂಪಿಗೆ ಹಾಕಬೇಡಿ.