ಪದಚರ್ಚೆ: ಫಾರ್ಸಿಯ ‘ಎಜಾಫೆ’, ಬರೆಯದ ಎಕಾರವನ್ನು ಓದುವುದು ಹೇಗೆ?

ಮಾನ್ಯರೇ,

ಫಾರ್ಸಿಯಲ್ಲಿ ನಾಮಪದಕ್ಕೆ ವಿಶೇಷಣವನ್ನೋ ಒಡೆಯನನ್ನೋ ಜೋಡಿಸುವಾಗ ನಡುವೆ ‘ಎ’ ಎಂಬ ಹ್ರಸ್ವಸ್ವರ ಬರುತ್ತದೆ, ಇದೇ ಎಜಾಫೆ. ‘ಕೆತಾಬ್-ಎ ಮನ್’ ಎಂದರೆ ನನ್ನ ಪುಸ್ತಕ, ‘ಕೆತಾಬ್-ಎ ಬೊಜೊರ್ಗ್’ ಎಂದರೆ ದೊಡ್ಡ ಪುಸ್ತಕ. ಆದರೆ ಅಚ್ಚಿನಲ್ಲಿ ಕಾಣುವುದು ‘ಕೆತಾಬ್ ಬೊಜೊರ್ಗ್’ ಎಂಬ ಎರಡು ಬಿಡಿಪದಗಳು ಮಾತ್ರ. ಓದುವವರು ಈ ‘ಎ’ಯನ್ನು ಎಲ್ಲಿ ಸೇರಿಸಬೇಕೆಂದು ಹೇಗೆ ತಿಳಿಯುತ್ತಾರೆ?

ಮೊದಲ ಉತ್ತರ: ಇದು ನಮ್ಮ ಷಷ್ಠೀ ವಿಭಕ್ತಿಯೇ. ‘ರಾಮನ ಪುಸ್ತಕ’ದಲ್ಲಿ ‘ಅ’ ಇರುವಂತೆ ಅಲ್ಲಿ ‘ಎ’ ಇದೆ, ಅಷ್ಟೆ.

ಎರಡನೆಯ ಉತ್ತರ: ಕೆಲಸ ಸಮೀಪದ್ದೇ ಆದರೂ ಪ್ರತ್ಯಯ ಹತ್ತುವ ಜಾಗ ಬೇರೆ. ನಮ್ಮಲ್ಲಿ ಅದು ಒಡೆಯನಿಗೆ ಹತ್ತಿದರೆ ಅಲ್ಲಿ ಒಡೆತನದ ವಸ್ತುವಿಗೆ ಹತ್ತುತ್ತದೆ. ವಿಶೇಷಣಕ್ಕೂ ಅದೇ ಕೊಂಡಿ ಸಾಕು. ‘ನನ್ನ ದೊಡ್ಡ ಪುಸ್ತಕ’ ಎನ್ನಲು ‘ಕೆತಾಬ್-ಎ ಬೊಜೊರ್ಗ್-ಎ ಮನ್’ ಎಂದು ಸರಪಳಿಯಂತೆ ಹೆಣೆಯುತ್ತಾರೆ, ಕೊನೆಯ ಪದಕ್ಕೆ ಮಾತ್ರ ಕೊಂಡಿಯಿಲ್ಲ.

ಇನ್ನು ಓದಿನ ಪ್ರಶ್ನೆ. ‘ಈನ್ ಕೆತಾಬ್ ಬೊಜೊರ್ಗ್’ ಎಂಬಷ್ಟನ್ನೇ ಕಂಡವರಿಗೆ ಅದು ‘ಈ ಪುಸ್ತಕ ದೊಡ್ಡದು’ ಎಂದು ಮುಗಿಯುತ್ತದೋ ‘ಈ ದೊಡ್ಡ ಪುಸ್ತಕ’ ಎಂದು ಮುಂದುವರಿಯುತ್ತದೋ ತಿಳಿಯದು. ಮುಂದೆ ‘ಆಗಿದೆ’ ಎಂಬರ್ಥದ ‘ಅಸ್ತ್’ ಬಂದರೆ ಸಾಮಾನ್ಯವಾಗಿ ಮೊದಲನೆಯದು, ಎಜಾಫೆ ಇಲ್ಲ. ‘ಮಾಲ್-ಎ ಮನ್ ಅಸ್ತ್’ ಎಂದು ಬಂದರೆ ‘ಈ ದೊಡ್ಡ ಪುಸ್ತಕ ನನ್ನದು’, ಆಗ ‘ಕೆತಾಬ್-ಎ’ ಎಂದೇ ಓದಬೇಕು. ಪಳಗಿದವರ ಕಣ್ಣು ನಾಲಗೆಗಿಂತ ಒಂದೆರಡು ಪದ ಮುಂದಿರುತ್ತದೆ. ಸಂದೇಹ ಬರುವಲ್ಲಿ ಅಕ್ಷರದ ಕೆಳಗೆ ಈ ‘ಎ’ಯನ್ನು ತೋರಿಸುವ ಕಸ್ರೆ ಎಂಬ ಗೀಟನ್ನು ಹಾಕುವುದುಂಟು, ಆದರೆ ದಿನಪತ್ರಿಕೆಗಳಲ್ಲಿ ಅದು ಅಪರೂಪ.

‘ಬರೆಯುವುದೇ ಇಲ್ಲ’ ಎಂಬುದೂ ಪೂರ್ತಿ ನಿಜವಲ್ಲ. ಪದ ‘ಆ’ ಅಥವಾ ‘ಊ’ ಸ್ವರದಲ್ಲಿ ಮುಗಿದರೆ ‘ಪಾ-ಯೆ ಮನ್’ (ನನ್ನ ಕಾಲು) ಎಂದು ‘ಯೆ’ ಅಕ್ಷರವೇ ಸೇರುತ್ತದೆ. ‘ಖಾನೆ’ಯಂತೆ ಮೌನ ‘ಹೆ’ಯಲ್ಲಿ ಮುಗಿಯುವ ಪದಕ್ಕೆ ಮೇಲೆ ಹಮ್ಜೆ ಎಂಬ ಪುಟ್ಟ ಗುರುತನ್ನು ಇಡುತ್ತಾರೆ, ಇಲ್ಲವೇ ಪಕ್ಕದಲ್ಲಿ ‘ಯೆ’ ಬರೆಯುತ್ತಾರೆ. ಬರಹದಿಂದ ತಪ್ಪಿಸಿಕೊಳ್ಳುವುದು ಮುಖ್ಯವಾಗಿ ವ್ಯಂಜನದ ನಂತರದ ‘ಎ’. ಇದನ್ನು ಇರಾನಿನವರೇ ಮೊಬೈಲಿನಲ್ಲಿ ‘ಹೆ’ ಅಕ್ಷರವಾಗಿ ಬರೆದುಬಿಡುತ್ತಾರೆ. ಆ ತಪ್ಪಿಗೆ ‘ಹೆ-ಕಸ್ರೆ’ ಎಂದು ಹೆಸರೇ ಬಿದ್ದಿದೆ. ಹಾಗೆ ಬರೆದ ‘ಕೆತಾಬೆ’ ಆಡುಮಾತಿನಲ್ಲಿ ‘ಆ ಪುಸ್ತಕ’ ಎಂಬ ಅರ್ಥ ಕೊಡುವುದರಿಂದ ಇದು ಬರಿಯ ಕಾಗುಣಿತದ ಜಗಳವಲ್ಲ.

ಮೂರನೆಯ ಉತ್ತರ: ನಾನು ಶ್ರೀರಂಗಪಟ್ಟಣದವಳು. 1784ರ ನಮ್ಮ ದರಿಯಾ ದೌಲತ್ ಬಾಗ್‌ನಲ್ಲಿ ‘ಎ’ ಕೇಳಿಸುವುದೇ ಇಲ್ಲವಲ್ಲ, ಕನ್ನಡಿಗರೇ ಬಿಟ್ಟೆವೇ?

ಎರಡನೆಯವರ ಮರು ಉತ್ತರ: ಎಜಾಫೆಯ ಕ್ರಮದಲ್ಲಿದ್ದರೆ ‘ಬಾಗ್-ಎ ದರಿಯಾ-ಯೆ ದೌಲತ್’ ಎಂದು ತೋಟ ಮೊದಲಿಗೆ ಬರಬೇಕಿತ್ತು. ‘ಬಾಗ್’ ಕೊನೆಯಲ್ಲಿರುವುದರಿಂದ ಅಲ್ಲಿಯಂತೂ ನಮ್ಮ ಕಡೆಯ ಪದಕ್ರಮವೇ ಕಾಣುತ್ತದೆ. ‘ದರಿಯಾ’ ಮತ್ತು ‘ದೌಲತ್’ ನಡುವೆ ಒಮ್ಮೆ ‘ಯೆ’ ಇದ್ದು ಸವೆಯಿತೋ, ಮೊದಲಿನಿಂದಲೇ ಸಮಾಸವೋ ಎಂಬುದಕ್ಕೆ ಅಂದಿನ ಫಾರ್ಸಿ ಬರಹದಲ್ಲಿ ‘ದರಿಯಾ’ದ ಮುಂದೆ ‘ಯೆ’ ಇದೆಯೇ ಎಂದು ನೋಡಬೇಕು. ‘ಆ’ಕಾರಾಂತವಾದ ಕಾರಣ ಇದ್ದಿದ್ದರೆ ಕಾಣುವ ಸಾಧ್ಯತೆ ಹೆಚ್ಚು. ಅಂಥ ದಾಖಲೆಯ ಪಡಿಯಚ್ಚು ಯಾರ ಬಳಿಯಾದರೂ ಇದೆಯೇ?