ಪೇರು ಅಂದರೆ ಹೆಸರಾ, ಹಾಲಾ? ಈ ಜೋಗುಳ ಯಾವ ಭಾಷೆಯದು?

ಮಲ್ಲೇಶ್ವರದವ: ಚಿಕ್ಕಂದಿನಲ್ಲಿ ನಮ್ಮ ವಠಾರದ ಅಜ್ಜಿಯೊಬ್ಬರು ಮೊಮ್ಮಗುವಿಗೆ ಹಾಡುತ್ತಿದ್ದ ಜೋಗುಳ. ‘ಬಲ ಬಲ ಬಾಲೆ, ಪೇರು ಪರ್ಲ’ ಅಂತ ನೆನಪು. ಕೊನೆಗೆ ‘ಆಯ್ಲೋ ಆಯ್ಲೋ’ ಅಂತ ಎಳೆಯುತ್ತಿದ್ದರು. ಯಾವ ಭಾಷೆ ಇದು?

ಚಿಂತಾಮಣಿ ಹುಡುಗ: ತೆಲುಗು. ಪೇರು ಅಂದರೆ ಹೆಸರು. ನಮ್ಮ ಕಡೆ ದಿನಾ ಆಡುವ ಮಾತು.

ಕುಡ್ಲದಾಕೆ: ತೆಲುಗಿನವರು ಮಗುವನ್ನು ‘ರಾ’ ಅಂತ ಕರೆಯುತ್ತಾರೆ, ‘ಬಲ’ ಅಂತ ಅಲ್ಲ. ಇದು ತುಳು. ಪೇರ್ ಅಂದರೆ ಹಾಲು, ಪರ್ ಅಂದರೆ ಕುಡಿ. ಬಲ, ಪರ್ಲ ಎರಡರ ಕೊನೆಗೂ ‘ಲ’ ಇದೆ ನೋಡಿ. ಚಿಕ್ಕವರಿಗೆ ಹಾಗೆ ಹೇಳುತ್ತೇವೆ. ದೊಡ್ಡವರಿಗಾದರೆ ಬಲೆ, ಪರ್ಲೆ. ‘ಬಾ ಮಗು, ಹಾಲು ಕುಡಿ’ ಅಂತ ಸಾಲು ಪೂರ್ತಿ ಕೂಡಿಬರುತ್ತದೆ. ಒಂದೇ ಪದ ಹಿಡಿದುಕೊಂಡರೆ ಆಗಲ್ಲ.

ಚಿಂತಾಮಣಿ ಹುಡುಗ: ‘ಪೇರ್’ ಅಂತ ನೀವು ಮಾಡಿಕೊಂಡಿರಿ. ಅವರು ಬರೆದದ್ದು ‘ಪೇರು’. ಕೊನೆಯಲ್ಲಿ ಉಕಾರ ಇದೆ, ತೆಲುಗಿನ ಹಾಗೇ.

ಕುಡ್ಲದಾಕೆ: ಕೇಳಿಸಿಕೊಂಡದ್ದು ಕನ್ನಡದ ಕಿವಿ. ಬಸ್ಸು, ಕಾರು ಅಂತ ನಾವೇ ಉಕಾರ ಸೇರಿಸಲ್ವಾ? ತುಳುವಿನ ಕೊನೆಯ ಅರೆ ಉಕಾರವೂ ಹಾಗೇ ತುಂಬಿಕೊಂಡಿದೆ. ಆ ಉಕಾರದಿಂದ ಏನೂ ಗೊತ್ತಾಗಲ್ಲ.

ಹಳೆಗನ್ನಡಪ್ರೇಮಿ: ಪಂಪನ ಕಾಲದಲ್ಲಿ ಹಾಲು ‘ಪಾಲ್’ ಆಗಿತ್ತು. ಪಕಾರ ಹಕಾರ ಆಗಿದ್ದು ಆಮೇಲೆ. ತುಳು ಅಂದರೆ ಕರಾವಳಿಯಲ್ಲಿ ಉಳಿದ ಹಳೆಗನ್ನಡವೇ. ಹಾಗಾಗಿ ಇದು ಕನ್ನಡದ ಹಾಡು.

ಕುಡ್ಲದಾಕೆ: ‘ಪಾಲ್’ ಅಂತ ನೀವೇ ಬರೆದಿರಿ. ಹಾಗಾದರೆ ‘ಪೇರ್’ ಎಲ್ಲಿಂದ ಬಂತು? ಪಕಾರ ತಮಿಳು, ಮಲಯಾಳ, ಕೊಡವದಲ್ಲೂ ಉಳಿದಿದೆ. ಅವೆಲ್ಲ ಹಳೆಗನ್ನಡವಾ?

ಹಳೆಗನ್ನಡಪ್ರೇಮಿ: ಎಲ್ಲದರ ಮೂಲ ಒಂದೇ ತಾನೇ? ನಾನು ಹೇಳಿದ್ದೂ ಅದೇ.

ಕುಡ್ಲದಾಕೆ: ನೀವು ಹೇಳಿದ್ದು ಅದಲ್ಲ. ಅಕ್ಕತಂಗಿಯರನ್ನು ತಾಯಿಮಗಳು ಮಾಡಬೇಡಿ.

ಹಳೆಗನ್ನಡಪ್ರೇಮಿ: ಕನ್ನಡದ ಹೆಸರೆತ್ತಿದರೆ ನಿಮಗೆ ಇಷ್ಟು ಉರಿ ಯಾಕೆ?

ಕುಡ್ಲದಾಕೆ: ಉರಿ ಕನ್ನಡದ ಮೇಲಲ್ಲ. ನಮ್ಮ ಭಾಷೆಗೆ ಅದರದೇ ಹೆಸರು ಕೊಡಲು ಜನ ಒಪ್ಪಲ್ಲ, ಅದಕ್ಕೆ. ‘ಪೇರ್’ ಬಗ್ಗೆ ಉತ್ತರ ಕೊಡಿ ಮೊದಲು.

ಬಸವನಗುಡಿ ಪೈ: ಆಗಿನಿಂದ ನೋಡುತ್ತಿದ್ದೇನೆ, ‘ಆಯ್ಲೋ’ ಯಾರಿಗೂ ಕಾಣಿಸಲೇ ಇಲ್ಲ. ನಮ್ಮ ಮನೆಮಾತು ಕೊಂಕಣಿ. ಆಯ್ಲೋ ಅಂದರೆ ಬಂದ. ಅಪ್ಪ ಮನೆಗೆ ಬಂದ ಕೂಡಲೇ ನಮ್ಮಮ್ಮ ಹಾಗೇ ಕೂಗಿ ಹೇಳುತ್ತಿದ್ದರು. ಹಾಡು ಕೊಂಕಣಿಯದು.

ಕುಡ್ಲದಾಕೆ: ಕೊಂಕಣಿಯಲ್ಲಿ ಹಾಲಿಗೆ ‘ದೂದ’ ಅಂತೀರಿ, ಪೇರ್ ಅನ್ನಲ್ಲ. ಆಯ್ಲೋ ಸುಮ್ನೆ ತೊಟ್ಟಿಲು ತೂಗುವ ದನಿ ಇರಬಹುದು. ಎರಡು ಹಾಡು ನೆನಪಿನಲ್ಲಿ ಬೆರೆತಿರಲೂಬಹುದು. ಮಲ್ಲೇಶ್ವರದವರೇ, ಆ ಅಜ್ಜಿ ಮನೆಗೆ ಬಂದ ದೊಡ್ಡವರನ್ನು ಹೇಗೆ ಕರೆಯುತ್ತಿದ್ದರು?

ಮಲ್ಲೇಶ್ವರದವ: ‘ಬಲೆ ಬಲೆ’ ಅನ್ನುತ್ತಿದ್ದರು. ಆದರೆ ಆಯ್ಲೋ ಅದೇ ಹಾಡಿನದು. ಅದು ಬೆರೆತದ್ದಲ್ಲ, ಚೆನ್ನಾಗಿ ನೆನಪಿದೆ.

ಬಸವನಗುಡಿ ಪೈ: ನೋಡಿದಿರಾ!

ಚಿಂತಾಮಣಿ ಹುಡುಗ: ‘ಬಲೆ’ ಅಲ್ಲ, ‘ಭಲೇ’ ಇರಬೇಕು. ತೆಲುಗಿನಲ್ಲಿ ಶಭಾಷ್ ಅಂತ.